ಒಂದು ರಾತ್ರಿಯ ಠೇವಣಿ

ಇಂಡಿಯಲ್ಲಿ ಹೊಸದಾಗಿ ತೆರೆದಿದ್ದ ಆ ಖಾಸಗಿ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಖಾತೆ ತೆಗೆಸಿದವರು ನನ್ನ ಭಾವ, ಅಂದರೆ ತೀರಿಹೋದ ನನ್ನ ಗಂಡನ ಅಣ್ಣ. ಪ್ರೀತಿಯಿಂದಲ್ಲ. ಝಳಕಿ ರಸ್ತೆಯ ನಿಂಬೆ ತೋಟ ಗಂಡನ ನಂತರ ನನ್ನ ಹೆಸರಿಗಾಗಿತ್ತು, ನಿಂಬೆಯ ವ್ಯಾಪಾರಿ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ದುಡ್ಡು ಹಾಕುತ್ತೇನೆಂದು ಹಟ ಹಿಡಿದ. ಬೇರೆ ದಾರಿಯಿಲ್ಲದೆ ಭಾವ ನನ್ನನ್ನು ಮೋಟರ್‌ಸೈಕಲ್ ಹಿಂದೆ ಕೂರಿಸಿಕೊಂಡು ಹೋದರು. ಖಾತೆಯಾದ ದಿನವೇ ಚೆಕ್‌ಬುಕ್ಕಿನ ಎಲ್ಲಾ ಹಾಳೆಗಳಿಗೂ ನನ್ನಿಂದ ಸಹಿ ಹಾಕಿಸಿಕೊಂಡು ತಮ್ಮ ಟ್ರಂಕಿನಲ್ಲಿಟ್ಟರು.

ಮೊದಲ ತಿಂಗಳು ಎರಡು ಲಕ್ಷ ಬಂತು. ಬಂದದ್ದು ಬೆಳಿಗ್ಗೆ; ಮಧ್ಯಾಹ್ನದೊಳಗೆ ಅದೇ ಬ್ಯಾಂಕಿನಲ್ಲಿದ್ದ ಭಾವನ ಖಾತೆಗೆ ಹೋಯಿತು. ತಿಂಗಳು ಕಳೆದ ಮೇಲೆ ನನ್ನ ಮೊಬೈಲಿಗೆ ಬ್ಯಾಂಕಿನಿಂದ ಸಂದೇಶ: ನಿಮ್ಮ ಖಾತೆಯ ಸರಾಸರಿ ಬ್ಯಾಲೆನ್ಸ್ ಕಡಿಮೆಯಿದೆ, ಒಂದು ತಿಂಗಳೊಳಗೆ ಸರಿಮಾಡದಿದ್ದರೆ ದಂಡ ಬೀಳುತ್ತದೆ. ಅಂಥ ಸಂದೇಶ ಹೋಗಿದ್ದ ಹೊಸ ಗಿರಾಕಿಗಳನ್ನೆಲ್ಲ ಮ್ಯಾನೇಜರ್ ಒಂದು ಬೆಳಿಗ್ಗೆ ಕರೆಸಿದರು. ಭಾವನೂ ಬಂದರು, ನಾನು ಯಾರ ಹತ್ತಿರ ಏನು ಮಾತಾಡುತ್ತೇನೋ ನೋಡಲಿಕ್ಕೆ.

ಮ್ಯಾನೇಜರ್ ಮಸೂತಿ ಊರಿನ ಕಡೆಯವರು. ಚಹಾ ಕೊಡಿಸಿ, ಬಿಳಿ ಹಲಗೆಯ ಮುಂದೆ ನಿಂತರು.

"ನೋಡ್ರಿ, ಈ ಖಾತ್ಯಾಗ ತಿಂಗಳಿಗೆ ಸರಾಸರಿ ಐದ ಸಾವಿರ ಇರಬೇಕು. ಅಂದ್ರ ದಿನಾ ಐದ ಸಾವಿರ ಇರಲೇಬೇಕಂತಲ್ಲ. ದಿನಾ ಬ್ಯಾಂಕಿನ ಲೆಕ್ಕ ಮುಗಿದಾಗ ನಿಮ್ಮ ಖಾತ್ಯಾಗ ಎಷ್ಟು ಉಳೀತೈತಿ, ಅದನ್ನ ಬರಕೋತೇವಿ. ಐತವಾರ, ಸೂಟಿ ದಿನಾನೂ ಬಿಡಂಗಿಲ್ಲ, ಹಿಂದಿನ ದಿನ ಎಷ್ಟಿತ್ತೋ ಅಷ್ಟ ಹಿಡೀತೇವಿ. ತಿಂಗಳದ್ದೆಲ್ಲಾ ಕೂಡಿಸಿ ಆ ತಿಂಗಳಾಗ ಎಷ್ಟ ದಿನ ಅದಾವೋ ಅಷ್ಟರಿಂದ ಭಾಗಾ ಹಾಕ್ತೇವಿ. ಬಂದದ್ದು ಸರಾಸರಿ. ಕಡಿಮಿ ಬಿದ್ರ, ಎಷ್ಟ ಕಡಿಮಿ ಬಿದ್ದೈತೋ ಅದರ ಮ್ಯಾಲ ದಂಡ."

ನಾನು ಎದ್ದು ನಿಂತೆ. "ಸಾಹೇಬ್ರ, ನನ್ನ ಖಾತಿಗೆ ಎರಡ ಲಕ್ಷ ಬಂದಿತ್ರಿ. ನನಗ ಯಾಕ ದಂಡ?"

"ಆ ದಿನ ಸಂಜೀಗೆ ಎಷ್ಟ ಉಳಿದಿತ್ರಿ, ಅಕ್ಕಾರ?"

"ಮುನ್ನೂರು."

ಕೂತವರು ಘೊಳ್ಳನೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ. "ಹೆಂಗಸರಿಗೆ ಲೆಕ್ಕ ಹೇಳಾಕ ಹೋದ್ರ ನಿಮ್ಮ ಚಹಾದ ಖರ್ಚ ದಂಡ ಆಗ್ತೈತ್ರಿ, ಸಾಹೇಬ್ರ" ಅಂದರು. ಎರಡು ಲಕ್ಷ ಎಲ್ಲಿ ಹೋಯಿತೆಂದು ಗೊತ್ತಿದ್ದ ಮನುಷ್ಯ ಆಡಿದ ಮಾತು ಅದು. ನನ್ನ ಮೈ ಉರಿದುಹೋಯಿತು.

ಮ್ಯಾನೇಜರ್ ನಗಲಿಲ್ಲ. "ಮುಂಜಾನೆ ಬಂದು ಸಂಜಿಯೊಳಗ ಹೋದ ರೊಕ್ಕ ನಮ್ಮ ಲೆಕ್ಕಕ್ಕ ಬಂದಂಗ ಅಲ್ರಿ. ಅದರಾಗ ಒಂದೂವರೆ ಲಕ್ಷ ಒಂದ ರಾತ್ರಿ ಇಲ್ಲೇ ಉಳೀಲಿ. ಉಳಿದ ಇಪ್ಪತ್ತೊಂಬತ್ತ ದಿನ ಸೊನ್ನಿ ಇದ್ದರೂ, ಮೂವತ್ತರಿಂದ ಭಾಗಾ ಹಾಕಿದ್ರ ಐದ ಸಾವಿರ ಬಂತು. ಇದೂ ಆಗಂಗಿಲ್ಲ ಅನ್ನೋರಿಗೆ ಝೀರೋ ಬ್ಯಾಲೆನ್ಸ್ ಖಾತಿ ಐತಿ. ಅದಕ್ಕ ದಂಡ ಇಲ್ಲ."

"ಝೀರೋ ಖಾತಿ ನಮ್ಮ ಮನಿತನಕ್ಕ ಶೋಭಾ ಅಲ್ರಿ" ಅಂದರು ಭಾವ. "ಈ ಸಲ ಬಂದ ರೊಕ್ಕ ಒಂದ ರಾತ್ರಿ ಅಲ್ಲೇ ಬಿಡ್ತೇವಿ. ಇಷ್ಟ ಮಂದಿ ಮುಂದ ಹೇಳೇನಿ." ಜನ ಅವರನ್ನು ದೊಡ್ಡ ಮನುಷ್ಯನೆಂಬಂತೆ ನೋಡಿದರು.

ನನ್ನ ದುಡ್ಡು ನನ್ನ ಹೆಸರಿನಲ್ಲಿ ಒಂದು ರಾತ್ರಿ ಉಳಿಯಲಿ, ನನಗೆ ಬೇಕಾಗಿದ್ದದ್ದು ಅಷ್ಟೇ. ದಂಡದ ಕೆಲವು ನೂರು ರೂಪಾಯಿಯ ಚಿಂತೆಯಲ್ಲ. ಒಂದು ರಾತ್ರಿಯಾದರೂ ಉಳಿದರೆ ಆ ತೋಟ ನನ್ನದೆಂದು ಅವರು ಒಪ್ಪಿಕೊಂಡ ಹಾಗಾಗುತ್ತಿತ್ತು.

ಆ ತಿಂಗಳು ಒಂದೂವರೆ ಲಕ್ಷ ಹನ್ನೊಂದು ಗಂಟೆಗೆ ಬಂತು. ಊಟ ಮುಗಿಸಿ ಕೈ ತೊಳೆಯುವಾಗ ಮೊಬೈಲು ಗುಂಯ್ ಅಂದಿತು: ಒಂದೂವರೆ ಲಕ್ಷ ವರ್ಗಾವಣೆಯಾಗಿದೆ. ಮುಂದಿನ ತಿಂಗಳು ದಂಡ ಬಿತ್ತು. ಕೇಳಲು ಹೋದರೆ ಭಾವ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

"ಒಂದ ರಾತ್ರಿ ಬಿಡ್ತೇನಿ ಅಂದಿದ್ರಿ."

"ಮುಂಜಾನೆ ನಿನ್ನ ಖಾತ್ಯಾಗ ಇತ್ತಿಲ್ಲ? ಬ್ಯಾಂಕಿನವ್ರ ಕಣ್ಣಿಗೆ ಕಾಣಂಗಿಲ್ಲಂದ್ರ ನಾ ಏನ ಮಾಡ್ಲಿ?"

ಮರೆತದ್ದಲ್ಲ. ಹಲಗೆಯ ಮೇಲಿನ ಲೆಕ್ಕ ನನಗಿಂತ ಚೆನ್ನಾಗಿ ಅವರಿಗೆ ತಿಳಿದಿತ್ತು. ನನ್ನ ದುಡ್ಡು ರಾತ್ರಿಯೆಲ್ಲ ಅವರ ಖಾತೆಯಲ್ಲಿ ಮಲಗುತ್ತಿತ್ತು, ಅವರ ಸರಾಸರಿ ಏರುತ್ತಿತ್ತು. ಆ ತಿಂಗಳು ಮನೆಖರ್ಚಿಗೆಂದು ಕೊಡುವ ದುಡ್ಡಿನಲ್ಲಿ ದಂಡದ ಮೊತ್ತ ಮುರಿದುಕೊಂಡು ನನ್ನ ಕೈಗಿಟ್ಟರು. "ನಿನ್ನ ಖಾತಿ, ನಿನ್ನ ದಂಡ."

ಮರುದಿನ ಬಸ್ಸು ಹತ್ತಿ ಇಂಡಿಗೆ ಹೋದೆ. ಸಹಿ ಮಾಡಿದ ಚೆಕ್ಕುಗಳಿಗೆಲ್ಲ ದುಡ್ಡು ಕೊಡಬೇಡಿ ಎಂದು ಬರೆದುಕೊಟ್ಟೆ. ಮ್ಯಾನೇಜರ್ ಓದಿ ಠಸ್ಸೆ ಹೊಡೆದರು. ಮುಂದಿನ ಸಲ ದುಡ್ಡು ಬಂದಾಗ ಭಾವ ಕೌಂಟರಿನಿಂದ ಬರಿಗೈಲಿ ಮರಳಿದರು. ಅಂದಿನಿಂದ ಮನೆಯಲ್ಲಿ ಎರಡು ಒಲೆಯಾದವು. ಭಾವನ ಹೆಂಡತಿ ನನ್ನೊಡನೆ ಮಾತು ಬಿಟ್ಟಳು, ನನಗೆ ಅದರಿಂದ ಆರಾಮವೇ ಆಯಿತು.

ಆರೇಳು ತಿಂಗಳು ಕಳೆದಿರಬೇಕು. ನಿಂಬೆ ಸಾಗಿಸುವ ಪಿಕಪ್ ಗಾಡಿಗೆ ಭಾವ ಸಾಲದ ಅರ್ಜಿ ಹಾಕಿದ್ದರು. ನನ್ನ ದುಡ್ಡು ಹೋಗುವುದು ನಿಂತ ಮೇಲೆ ಅವರ ಖಾತೆ ಖಾಲಿ ಡಬ್ಬಿಯಾಗಿ, ದಂಡದ ಸಂದೇಶ ಅವರಿಗೇ ಬರತೊಡಗಿತ್ತು. ಈ ತಿಂಗಳೂ ಸರಾಸರಿ ಕಡಿಮೆಯಾದರೆ ಕಾಗದ ಮುಂದೆ ಹೋಗುವುದಿಲ್ಲವೆಂದು ಮ್ಯಾನೇಜರ್ ಹೇಳಿದ್ದರಂತೆ. ಮೂವತ್ತು ದಿನದ ತಿಂಗಳು ಮುಗಿಯುವ ಹಿಂದಿನ ದಿನ ಭಾವ ನನ್ನ ಹೊಸ್ತಿಲ ಹೊರಗೆ ಬಂದು ನಿಂತರು.

"ಒಂದೂವರೆ ಲಕ್ಷ, ಒಂದ ರಾತ್ರಿ, ತಂಗಿ. ಬೆಳಗಾದ್ರ ನಿನ್ನ ರೊಕ್ಕ ನಿನಗ."

ತಂಗಿ ಎಂದು ಕರೆದದ್ದು ಅದೇ ಮೊದಲು.

"ಆತ್ರಿ. ಆದ್ರ ಮೊದಲ ನಿಮ್ಮ ಸಹಿ ಮಾಡಿದ ಚೆಕ್ ಕೊಡ್ರಿ. ಒಂದೂವರೆ ಲಕ್ಷಕ್ಕ, ನನ್ನ ಹೆಸರಿಗೆ, ಇವತ್ತಿನ ತಾರೀಖ ಹಾಕಿ."

ಅವರು ಒಳಗೆ ಹೋಗಿ ಟ್ರಂಕು ತೆಗೆದು, ಬೇರೆ ದಾರಿಯಿಲ್ಲದೆ ಹಾಗೇ ಬರೆದು ತಂದುಕೊಟ್ಟರು.

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಅವರ ಎದುರಿಗೇ ಒಂದೂವರೆ ಲಕ್ಷ ಅವರ ಖಾತೆಗೆ ವರ್ಗ ಮಾಡಿಸಿದೆ. ಮೊಬೈಲಿನಲ್ಲಿ ಸಂದೇಶ ನೋಡಿ, ಮ್ಯಾನೇಜರ್‌ಗೆ ಕೈ ಮುಗಿದು, ಅವರು ಗಾಡಿಯ ಷೋರೂಮಿಗೆ ಹೋದರು. ನಾನು ಬ್ಯಾಂಕಿನ ಬೆಂಚಿನ ಮೇಲೆ ಕೂತೆ. ಮೂರು ಗಂಟೆಗೆ ಚೆಕ್ಕು ಒಳಗೆ ಕೊಟ್ಟೆ.

ಮ್ಯಾನೇಜರ್ ಅದನ್ನು ತಿರುಗಿಸಿ ನೋಡಿದರು. "ಇವತ್ತ ತಿಂಗಳ ಕಡೀ ದಿನ ಐತ್ರಿ, ಅಕ್ಕಾರ. ನಾಳಿ ಕೊಟ್ರ ಅವರಿಗೆ ಬರೋಬ್ಬರಿ ಆಗ್ತಿತ್ತು."

"ಗೊತ್ರಿ. ನೀವ ಹೇಳಿದ್ರಲ್ಲ."

ಅವರು ಚೆಕ್ಕನ್ನು ಕೌಂಟರಿಗೆ ಕಳಿಸಿದರು.

ಸಂಜೆ ನಾನು ಮನೆ ಮುಟ್ಟುವಾಗ ಭಾವ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂತಿದ್ದರು. ಮುಖ ಬೂದಿಯಾಗಿತ್ತು. ನೋಡಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

"ಒಂದ ರಾತ್ರಿ ಅಂದಿದ್ನಲ್ಲ, ತಂಗಿ."

"ಮುಂಜಾನೆ ನಿಮ್ಮ ಖಾತ್ಯಾಗ ಇತ್ತಿಲ್ರಿ?" ಅಂದೆ. ಒಳಗೆ ಹೋಗಿ ನನ್ನ ಒಲೆ ಹೊತ್ತಿಸಿದೆ.