ಊಟದ ಮೇಜಿನಲ್ಲಿ ನಾನು ಹೇಳಿಸಲು ಹೋದ ‘ಒಪ್ಪಾ’

ಇಸ್ತ್ರಿ ಮಾಡುವ ಮಧ್ಯಾಹ್ನಗಳಲ್ಲಿ ಕೊರಿಯನ್ ಧಾರಾವಾಹಿ ನೋಡುವುದು ನನಗೆ ಅಭ್ಯಾಸವಾಗಿತ್ತು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಲು ತಲೆ ಎತ್ತಿದಾಗಲೆಲ್ಲ ಅಂಗಿಯ ಒಂದು ತೋಳು ಸುಕ್ಕಾಗಿಯೇ ಉಳಿಯುತ್ತಿತ್ತು. ನಮ್ಮವರು ಅದನ್ನು ಹಾಗೇ ತೊಟ್ಟು ಆಫೀಸಿಗೆ ಹೋಗಿ ಬರುತ್ತಿದ್ದರು.

ನಾನು ನೋಡಿದ ಮೊದಲ ಧಾರಾವಾಹಿಯಲ್ಲಿ ಒಬ್ಬ ಹುಡುಗಿ ತನ್ನ ಸ್ವಂತ ಅಣ್ಣನನ್ನು ‘ಒಪ್ಪಾ’ ಎನ್ನುತ್ತಿದ್ದಳು. ಅಣ್ಣನ ಗೆಳೆಯ ಮನೆಗೆ ಬಂದರೆ ಅವನಿಗೂ ಅದೇ ಮಾತು. ಕೆಳಗಿನ ಸಾಲಿನಲ್ಲಿ ಒಮ್ಮೆ ಅಣ್ಣ ಎಂದು ಬರುತ್ತಿತ್ತು, ಒಮ್ಮೆ ಬರಿಯ ಹೆಸರು. ಅನುವಾದಿಸಿದವರಿಗೆ ಅವಸರವಿತ್ತೇನೋ ಎಂದುಕೊಂಡೆ. ಅರ್ಧಕ್ಕೇ ಆ ಧಾರಾವಾಹಿ ಬೇಸರವಾಗಿ ಬಿಟ್ಟೆ. ಒಪ್ಪಾ ಎಂದರೆ ಅಣ್ಣ ಎಂಬ ತಿಳುವಳಿಕೆ ಮಾತ್ರ ನನ್ನೊಳಗೆ ಭದ್ರವಾಗಿ ಕೂತುಬಿಟ್ಟಿತು.

ಅಂಥ ತಿಳುವಳಿಕೆ ನನಗೆ ಸುಲಭವಾಗಿ ಹೊಂದಿತು, ಏಕೆಂದರೆ ಮೈಸೂರಿನಲ್ಲಿ ನಾನು ಬೆಳೆದದ್ದೇ ಹಾಗೆ. ಕಾನ್ವೆಂಟಿನಲ್ಲಿ ಹುಡುಗರೇ ಇರಲಿಲ್ಲ. ಮನೆಗೆ ಯಾವ ಹುಡುಗ ಬಂದರೂ ಅಮ್ಮ ಒಳಗಿನಿಂದಲೇ, ಅಣ್ಣ ಬಂದಿದ್ದಾರೆ, ಕಾಫಿ ತೊಗೊಂಡು ಹೋಗು ಎನ್ನುತ್ತಿದ್ದರು. ಆ ಒಂದು ಮಾತಿನಿಂದ ಬೇಲಿ ಹಾಕಿದಂತಾಗುತ್ತಿತ್ತು. ಬಂದ ಹುಡುಗನಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ಎಲ್ಲರೂ ನಿರಾಳವಾಗಿ ಕಾಫಿ ಕುಡಿಯಬಹುದಿತ್ತು.

ಇಲ್ಲಿ ಅಮೆರಿಕದಲ್ಲಿ ಕಳೆದ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ, ಆನ್ ಆರ್ಬರಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಮಗಳು ತನ್ನ ಲ್ಯಾಬಿನ ಕೊರಿಯನ್ ಹುಡುಗನೊಬ್ಬನನ್ನು ಕರೆತಂದಳು. ರಜಕ್ಕೆ ಅವನಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಅವಳಿಗಿಂತ ಮೂರು ವರ್ಷ ದೊಡ್ಡವನು. ಬಾಗಿಲಲ್ಲಿ ಶೂ ಬಿಚ್ಚಿ, ಎರಡನ್ನೂ ಮೂತಿ ಹೊರಗೆ ಮಾಡಿ ಜೋಡಿಸಿಟ್ಟು, ಪೇರ್ ಹಣ್ಣುಗಳ ದೊಡ್ಡ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ನೀಡಿದ. ಮಗಳು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಆದರೆ ಆ ಹೆಸರನ್ನು ಹೇಳುವ ಮೊದಲು ಅವಳು ಒಂದು ಕ್ಷಣ ತಡೆಯುವುದನ್ನು ನಾನು ಗಮನಿಸಿದೆ. ನನಗೆ ದಿಗಿಲಾಯಿತು. ಅವನು ಒಳ್ಳೆಯವನೆಂದು ಕಾಣುತ್ತಿದ್ದುದರಿಂದ ದಿಗಿಲು ಇನ್ನೂ ಹೆಚ್ಚಾಯಿತು.

ಊಟಕ್ಕೆ ಬಿಸಿಬೇಳೆಬಾತ್ ಬಡಿಸುತ್ತಾ, ಅಮ್ಮನ ಬೇಲಿಯನ್ನೇ ಹಾಕಿಬಿಟ್ಟೆ. ಅವನಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿದೆ: ದೊಡ್ಡವರನ್ನು ಹೆಸರು ಹಿಡಿದು ಕರೆಯುತ್ತೀಯಲ್ಲ ಪುಟ್ಟಿ, ಲಕ್ಷಣವಾಗಿ ಒಪ್ಪಾ ಅನ್ನಬಾರದೇ?

ಅವನ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಮುಖ ಹಾಗೇ ಇತ್ತು, ಕಿವಿಗಳೆರಡೂ ಮಾತ್ರ ಕೆಂಪಗಾದವು. ಮಗಳು ತಟ್ಟೆಯನ್ನೇ ನೋಡುತ್ತಿದ್ದಳು. ನಮ್ಮವರು ಇನ್ನೊಂದು ಸೌಟು ಕೇಳಿದರು, ಅವರಿಗೆ ಏನೂ ತಿಳಿಯಲಿಲ್ಲ. ಆಮೇಲೆ ಆ ಹುಡುಗ, ಅವಳಿಗೆ ಹೇಗೆ ಅನುಕೂಲವೋ ಹಾಗೆ ಕರೆಯಲಿ ಆಂಟಿ ಎಂದು ಮೆಲ್ಲಗೆ ಹೇಳಿ ಊಟ ಮುಂದುವರಿಸಿದ.

ಊಟವಾದ ಮೇಲೆ ಮಗಳು ಅಡಿಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

“ಅಮ್ಮಾ, ಡು ಯು ಇವನ್ ನೋ ಏನು ಹೇಳಿದೆ ಅಂತ?”

“ಅಣ್ಣ ಅನ್ನು ಅಂದೆ. ಅದರಲ್ಲೇನಿದೆ?”

“ಟು ಮಂತ್ಸ್ ಹಿಂದೆ ಅವನೇ ಕೇಳಿದ್ದ. ಯಾವತ್ತಾದ್ರೂ ನಿಂಗೆ ಅನ್ನಿಸಿದ್ರೆ ಹಾಗೆ ಕರಿ ಅಂತ. ನಾನಿನ್ನೂ ಆನ್ಸರ್ ಮಾಡಿಲ್ಲ. ಈಗ ನೀನು ಮಾಡ್ದೆ.”

ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ನಾನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಅವನು ಈಗ ಏನೆಂದುಕೊಂಡಿರಬಹುದು? ಇವಳು ಎಲ್ಲವನ್ನೂ ತಾಯಿಗೆ ಹೇಳಿದ್ದಾಳೆ, ತಾಯಿಯ ಬಾಯಲ್ಲಿ ಒಪ್ಪಿಗೆ ಕಳಿಸಿದ್ದಾಳೆ ಎಂದೇ ತಾನೆ?

ಮಾರನೆಯ ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲೇ ಎದುರು ಮನೆಗೆ ಹೋದೆ. ಅಲ್ಲಿ ನನ್ನ ವಯಸ್ಸಿನ ಕೊರಿಯನ್ ಹೆಂಗಸೊಬ್ಬರಿದ್ದಾರೆ. ಪರಿಚಯವಾದ ಎರಡನೆಯ ದಿನವೇ ಅವರು ನಾನು ಹುಟ್ಟಿದ ವರ್ಷ ಕೇಳಿ, ನಾನು ಎರಡು ವರ್ಷ ದೊಡ್ಡವಳೆಂದು ತಿಳಿದು, ಅಂದಿನಿಂದ ‘ಒನ್ನಿ’, ಎಂದರೆ ಅಕ್ಕ, ಎನ್ನುತ್ತಾರೆ. ನಡೆದದ್ದನ್ನು ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು.

ನಾನು ತಿಳಿದ ಅರ್ಥ ತಪ್ಪಲ್ಲ, ಆದರೆ ಅರ್ಧ ಮಾತ್ರ ಎಂದರು. ಒಪ್ಪಾ ಎನ್ನುವುದು ಹೆಂಗಸರು ಮಾತ್ರ, ತಮಗಿಂತ ದೊಡ್ಡ ಗಂಡಸಿಗೆ. ಗಂಡಸರು ತಮಗಿಂತ ದೊಡ್ಡವನನ್ನು ಕರೆಯುವ ಮಾತೇ ಬೇರೆ. ಒಂದೇ ವಯಸ್ಸಿನವನಿಗೂ ಚಿಕ್ಕವನಿಗೂ ಅದು ಸಲ್ಲದು. ತೀರಾ ದೊಡ್ಡವನಾದರೆ ಅವನು ‘ಅಜಶ್ಶಿ’, ನಮ್ಮ ಅಂಕಲ್ ಇದ್ದಂತೆ. ಒಡಹುಟ್ಟಿದವನಿಗೆ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಗೆ, ಅಣ್ಣನ ಗೆಳೆಯನಿಗೆ, ಕಾಲೇಜಿನ ಸಲಿಗೆಯ ಹಿರಿಯನಿಗೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಭಿಮಾನಿ ಹುಡುಗಿಯರು ಹಾಡುಗಾರರಿಗೂ ಅನ್ನುತ್ತಾರೆ. ಪ್ರೀತಿಸಿದವನಿಗೆ ಅಂದು, ಮದುವೆಯಾದ ಮೇಲೂ ಬಿಡದವರಿದ್ದಾರೆ. ಇವರೇ ತಮ್ಮ ಯಜಮಾನರನ್ನು ಮಗ ಹುಟ್ಟುವವರೆಗೂ ಹಾಗೇ ಕರೆದರಂತೆ.

“ಹಾಗಾದರೆ ಯಾವ ಒಪ್ಪಾಗೆ ಯಾವ ಅರ್ಥ ಅಂತ ತಿಳಿಯುವುದು ಹೇಗೆ?” ಎಂದು ಕೇಳಿದೆ.

“ಅದಕ್ಕಿಂತ ಮುಂಚೆ ಆ ಹುಡುಗಿ ಏನಂತ ಕರೀತಿದ್ದಳು ಅಂತ ನೋಡಬೇಕು, ಒನ್ನಿ,” ಎಂದರು.

ಟೀವಿಯಲ್ಲಿ ಒಂದು ಧಾರಾವಾಹಿ ಹಾಕಿ ತೋರಿಸಿದರು. ಒಂದೇ ಆಫೀಸಿನ ಇಬ್ಬರು. ಅವಳು ಎಷ್ಟೋ ಕಂತುಗಳವರೆಗೆ ಅವನ ಹೆಸರಿಗೆ ‘ಸ್ಸಿ’ ಸೇರಿಸಿ, ನಾವು ‘ಅವರೇ’ ಎನ್ನುವಂತೆ, ಕರೆಯುತ್ತಾಳೆ. ಅವನು ತಮಾಷೆಯಾಗಿ ಒಪ್ಪಾ ಅನ್ನು ಎಂದು ಕಾಡಿದರೆ ಮುಖ ಸಿಂಡರಿಸುತ್ತಾಳೆ. ಕಡೆಗೊಂದು ದಿನ ಬಸ್ ನಿಲ್ದಾಣದಲ್ಲಿ ತಾನಾಗಿ ಅಂದುಬಿಡುತ್ತಾಳೆ. ಅವರು ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು. ಕೈ ಹಿಡಿಯುವುದಿಲ್ಲ, ಏನಿಲ್ಲ. ಆದರೂ ಆ ಇಡೀ ಕಂತಿನ ಕತೆ ಆ ಒಂದು ಮಾತೇ. ಮೊದಲ ದಿನದಿಂದ ಎಲ್ಲರಿಗೂ ಅನ್ನುವವಳ ಬಾಯಲ್ಲಿ ಅದು ಹಗುರ. ತಡೆದು ತಡೆದು ಅಂದವಳು ಅವನನ್ನು ಒಂದು ಹೆಜ್ಜೆ ಹತ್ತಿರ ಬರಲು ಬಿಟ್ಟಂತೆ ಎಂದರು.

ತಾಯಂದಿರು ಹೇಳಿಕೊಡುವುದೇ ಇಲ್ಲವೇ ಎಂದೆ. ಐದು ವರ್ಷದ ಮಗುವಿಗೆ, ಒಪ್ಪಾಗೆ ಹಲೋ ಹೇಳು ಅನ್ನುತ್ತೇವೆ, ಇಪ್ಪತ್ತನಾಲ್ಕರ ಮಗಳಿಗೆ ಅತಿಥಿಯ ಎದುರು ಅಂದರೆ ಅದು ಹೆಣ್ಣು ಕೊಡುವ ಮಾತಾಗುತ್ತದೆ ಎಂದರು.

ಬೇಲಿ ಹಾಕಲು ಹೋಗಿ ನಾನು ಗೇಟು ತೆರೆದು ನಿಂತಿದ್ದೆ.

ಮನೆಗೆ ಬಂದಾಗ ಆ ಹುಡುಗ ಸಿಂಕಿನಲ್ಲಿ ಕಾಫಿ ಲೋಟಗಳನ್ನು ತೊಳೆಯುತ್ತಿದ್ದ. ಮಗಳು ಸ್ನಾನಕ್ಕೆ ಹೋಗಿದ್ದಳು. ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಊರಿನಲ್ಲಿ ಅಣ್ಣ ಎಂದರೆ ಅಲ್ಲಿಗೆ ಮುಗಿಯಿತು, ದೂರ ಇಡಲೆಂದೇ ಹಾಗಂದೆ, ಕ್ಷಮಿಸು. ಮಗಳು ನನಗೆ ಮೊದಲು ಏನೂ ಹೇಳಿರಲಿಲ್ಲ, ಆ ಮಾತು ಅವಳದ್ದಲ್ಲ.

ಅವನು ಲೋಟವನ್ನು ಬೋರಲಿಟ್ಟು ಕೈ ಒರೆಸಿಕೊಂಡ.

“ನನ್ನ ತಂಗಿ ದಿನಕ್ಕೆ ಹತ್ತು ಸಲ ಒಪ್ಪಾ ಅಂತಾಳೆ ಆಂಟಿ, ಏನಾದರೂ ಬೇಕಾದಾಗ,” ಎಂದ. ಆಮೇಲೆ, “ನೀವು ಹೇಳಿದ್ದು ಒಳ್ಳೆಯದಾಯಿತು. ನಿನ್ನೆಯಿಂದ ನಾನು ತಪ್ಪು ತಿಳಿದಿದ್ದೆ,” ಎಂದ.

ಆ ಮಾತನ್ನು ಹೇಳುವಾಗ ಅವನ ಹೆಗಲು ಒಂದಿಷ್ಟು ಇಳಿಯಿತು. ಹಿಂದಿನ ದಿನ ಬೇಡವೆಂದಿದ್ದವಳೇ ನಾನು, ಈಗ ಅವನಿಗಾಗಿ ಮರುಗುತ್ತಿದ್ದೆ. ಭಾನುವಾರ ಕಾರು ಹೊರಡುವಾಗ ಮಗಳು ಅವನನ್ನು ಹೆಸರಿನಿಂದಲೇ ಕರೆದು ಬ್ಯಾಗು ಇಡಲು ಹೇಳಿದಳು. ನಾನು ಅವನಿಗೆ ಹೇಳಿದ್ದನ್ನೆಲ್ಲ ಅವಳಿಗೂ ತಿಳಿಸಿದ್ದೆ. ಅವಳು ಸರಿ ಎಂದಿದ್ದಳು, ಅಷ್ಟೇ.

ಆಮೇಲೆ ಫೋನಿನಲ್ಲಿ ನಾನು ಕೇಳಲಿಲ್ಲ. ಚಳಿ ಎಷ್ಟಿದೆ, ಊಟ ಏನು ಎನ್ನುತ್ತಾ, ನಡುವೆ ಅವನ ಪ್ರಸ್ತಾಪ ಬಂದರೆ ಕಿವಿ ಚುರುಕು ಮಾಡಿಕೊಳ್ಳುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ದಿನ ಅವಳೇ ಹೇಳಿದಳು.

“ಅಮ್ಮಾ, ಐ ಸೆಡ್ ಇಟ್. ನಿನ್ನೆ. ಪಾರ್ಕಿಂಗ್ ಲಾಟ್‌ನಲ್ಲಿ. ನೀನು ಹೇಳಿದ್ದಕ್ಕಲ್ಲ, ಓಕೆ?”

“ಅವನೇನಂದ?”

“ವಿಂಡ್‌ಶೀಲ್ಡ್ ಮೇಲಿನ ಐಸ್ ಕೆರೀತಿದ್ದ. ತಿರುಗಲೇ ಇಲ್ಲ. ಕೆರೆಯೋದು ನಿಲ್ಲಿಸಿ ಹಾಗೇ ನಿಂತ್ಕೊಂಡ.”

ಎಷ್ಟು ಹೊತ್ತು ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ನಾನು ಅವನನ್ನು ಏನೆಂದು ಕರೆಯಲಿ ಎಂದು ಮಾತ್ರ ಕೇಳಿದೆ.

“ಹೆಸರೇ ಸಾಕಮ್ಮ,” ಎಂದಳು.