ಸಂಜೆಯೊಳಗೆ ಮುಗಿಯುತ್ತಿದ್ದ ಅಕ್ಕನ ಡೇಟಾ

ನಮ್ಮಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಅವ್ವ ಅವಳಿಗಾಗಿ ಒಂದು ಕೈಸನ್ನೆಯ ಭಾಷೆಯನ್ನೇ ಕಟ್ಟಿದ್ದಳು. ನಾನೂ ಅದರಲ್ಲೇ ಬೆಳೆದೆ. ಅಕ್ಕ ಲಗ್ನವಾಗಿ ಶಹಾಬಾದಿಗೆ ಹೋದಮೇಲೆ, ಸೇಡಂನ ನಮ್ಮ ಮನೆಯಿಂದ ದಿನಾ ಸಂಜೆ ವಿಡಿಯೋ ಕಾಲ್. ಬರೀ ಕಾಲ್ ಎಷ್ಟು ಫ್ರೀ ಇದ್ದರೂ ಅವಳಿಗೆ ಏನು ಉಪಯೋಗ?

ಅವ್ವ ಹಾಸಿಗೆ ಹಿಡಿದಮೇಲೆ ಆ ಕಾಲ್ ಕೈಕೊಡತೊಡಗಿತು. ಅಕ್ಕನ ದಿನದ ಒಂದೂವರೆ ಜಿಬಿ ಮಧ್ಯಾಹ್ನಕ್ಕೇ ಖಾಲಿ. ಆಮೇಲೆ ನೆಟ್ ತೆವಳುತ್ತಿತ್ತು, ಮುಖ ತುಂಡುತುಂಡಾಗಿ ನಿಲ್ಲುತ್ತಿತ್ತು.

"ದಿನಾಪೂರ್ತಿ ವಿಡಿಯೋ ನೋಡಾಕತ್ತಾಳ. ಈ ಮುದುಕಿ ಯಾರಿಗಿ ಬೇಕಾಗ್ಯಾಳ?" ಅಂದಳು ಅವ್ವ.

ನಾನು ಭಾವನಿಗೆ ಫೋನು ಹಚ್ಚಿದೆ. "ಭಾವ, ಅಕ್ಕ ಅಷ್ಟು ಏನ್ ನೋಡ್ತಾಳ್ರಿ?"

"ನಾ ದಿನಾ ಕಲ್ಲು ಪಾಲಿಶ್ ಮಾಡ್ಲಿಕ್ಕ ಹೋಗ್ತೀನಪ್ಪಾ, ನನಗೇನು ಗೊತ್ತು? ಖರೇ, ರಾಶಿ ಜಂಪರ್ ಹೊಲಿದಿಟ್ಟಿರ್ತಾಳ. ವಿಡಿಯೋ ಯಾವ ಕಣ್ಣಿಲೆ ನೋಡ್ತಾಳೋ."

ಒಂದಿನ ನೆಟ್ ಸರಿಯಿದ್ದಾಗ ಅವ್ವ ಕೈಯಿಂದಲೇ ಬೈದಳು: ನಿನಗ ಫೋನೇ ಅವ್ವ, ನಾ ಅಲ್ಲ. ಅಕ್ಕ ತಲೆ ತಗ್ಗಿಸಿದಳು. ನಾನೂ ಅವ್ವನ ಜೊತೆ ಸೇರಿ ಬೈದೆ.

ಮರುದಿನ ಸಂಜೆ ಅವ್ವನಿಗೆ ಉಸಿರು ಭಾರವಾಯಿತು. ಅಕ್ಕನಿಗೆ ವಿಡಿಯೋ ಕಾಲ್ ಹಚ್ಚು ಅಂದಳು. ಹಚ್ಚಿ, ಫೋನು ಅವಳ ಮುಂದೆ ಹಿಡಿದೆ. ಕೈ ಎತ್ತಿ 'ಉಂಡೀ?' ಅಂದಳು. ಆ ಹೊತ್ತಿಗೆ ಪರದೆಯ ಮೇಲೆ ಅಕ್ಕನ ಮುಖ ನಿಂತೇಹೋಗಿತ್ತು. ಬೆಳಗಿನ ಗಾಡಿಗೆ ಅಕ್ಕ ಬಂದಾಗ ಅವ್ವ ಇರಲಿಲ್ಲ.

ಅವ್ವನ ದಿನಕರ್ಮ ಮುಗಿದಮೇಲೆ ಅವಳನ್ನು ಬಿಡಲು ಶಹಾಬಾದಿಗೆ ಹೋದೆ. ಮರುದಿನ ಅಕ್ಕ ಹೊಲಿಯಲು ಕುಂತಳು. ದಾರದ ಡಬ್ಬಿಗೆ ಫೋನು ಆನಿಸಿ ವಿಡಿಯೋ ಹಚ್ಚಿದಳು. ಒಂದು ಮುಗಿದರೆ ಮತ್ತೊಂದು ತಾನೇ ಓಡುತ್ತಿತ್ತು. ಅವಳ ಕಣ್ಣು ಮಾತ್ರ ಸೂಜಿಯ ಮೇಲೆ.

ನೋಡದಿದ್ದರೆ ಇದು ಯಾಕೆ, ಎಂದು ಸನ್ನೆ ಮಾಡಿದೆ.

ಅಕ್ಕ ನಿಧಾನವಾಗಿ ಹೇಳಿದಳು: ಸುಮ್ಮನೆ ಬಿಟ್ಟರೆ ಪರದೆ ಆರಿ ಫೋನು ಮಲಗುತ್ತದೆ. ಮಷೀನು ತುಳಿವಾಗ ಕರೆ ಬಂದು ಅದು ನಡುಗಿದ್ದೂ ತಿಳಿಯುವುದಿಲ್ಲ. ಇದು ಓಡುತ್ತಿದ್ದರೆ ಮಲಗುವುದಿಲ್ಲ. ಅವ್ವ ಯಾವ ಹೊತ್ತಿಗೆ ಕರೆದರೂ ಕಾಣಿಸುತ್ತದೆ. ಹೇಳಿ, ತಾನೇ ಕೈ ಇಳಿಸಿಬಿಟ್ಟಳು. ಈಗ ಯಾವ ಅವ್ವ?

ಸೆಟ್ಟಿಂಗಿನಲ್ಲಿ ಡೇಟಾ ಬಳಕೆ ತೆರೆದೆ. ಎಲ್ಲಕ್ಕಿಂತ ಮೇಲೆ ಆ ವಿಡಿಯೋ ಆ್ಯಪು. ಅದರ ಕೆಳಗೆ ಆ್ಯಪು ಇಳಿಸುವ ಸ್ಟೋರ್; ಅದು ಯಾರೂ ಕೇಳದಿದ್ದರೂ ಸಿಮ್ಮಿನ ನೆಟ್ಟಿನಲ್ಲೇ ಎಲ್ಲವನ್ನೂ ಅಪ್‌ಡೇಟ್ ಮಾಡುತ್ತಿತ್ತು. ಅಪ್‌ಡೇಟನ್ನು ವೈಫೈಗೆ ಮಾತ್ರ ಬಿಟ್ಟೆ. ವಿಡಿಯೋ ತಾನೇ ಓಡುವುದನ್ನು ನಿಲ್ಲಿಸಿದೆ. ಕರೆ ಬಂದರೆ ಕ್ಯಾಮೆರಾದ ದೀಪ ಮಿನುಗುವಂತೆ ಮಾಡಿದೆ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಅವ್ವ ಇದ್ದಾಗ ಆ ಐದು ನಿಮಿಷಕ್ಕೆ ಒಂದು ಗಾಡಿ ಹತ್ತಿ ಬರಲಿಲ್ಲ ನಾನು; ಬೈದೆವು, ಅಷ್ಟೇ.

ಈಗ ಅಕ್ಕನ ಡೇಟಾ ರಾತ್ರಿತನಕ ಉಳಿಯುತ್ತದೆ. ದಿನಾ ಸಂಜೆ ನಾನೇ ಕರೆಯುತ್ತೇನೆ, 'ಉಂಡೀ?' ಎಂದು ಕೈ ಎತ್ತುತ್ತೇನೆ. ಚಿತ್ರ ಒಂದಿಷ್ಟೂ ತುಂಡಾಗುವುದಿಲ್ಲ. ಅಕ್ಕ ಹೂಂ ಎಂಬಂತೆ ತಲೆ ಆಡಿಸುತ್ತಾಳೆ. ಅವಳ ಕಣ್ಣು ಮಾತ್ರ ನನ್ನ ಬೆನ್ನ ಹಿಂದೆ, ಅವ್ವ ಮಲಗುತ್ತಿದ್ದ ಖಾಲಿ ಹೊರಸಿನ ಮೇಲಿರುತ್ತದೆ.