ನನ್ನನ್ನು ದಾಟಿ ಹೋಗು

ಶಿಗ್ಗಾಂವಿಯ ಕಾಲೇಜಿಗೆ ಸೇರುವತನಕ ನಾನು ಹಿರೇಬೆಂಡಿಗೇರಿಯಲ್ಲಿ ಅಣ್ಣತಮ್ಮಂದಿರ ಜೊತೆ ಬರಿಗಾಲಲ್ಲೇ ಫುಟ್‌ಬಾಲ್ ಆಡಿದವಳು. ಕಾಲಿಗೆ ಚೆಂಡು ಅಂಟಿಸಿಕೊಂಡು ಓಡುವುದೊಂದು ನನಗೆ ಬರುತ್ತಿತ್ತು. ಕಾಲೇಜಿನ ಹುಡುಗಿಯರ ತಂಡಕ್ಕೆ ಆಯ್ಕೆಯಾದಾಗ ಅದೇ ದೊಡ್ಡ ವಿದ್ಯೆ ಅಂದುಕೊಂಡಿದ್ದೆ. ನನ್ನ ಜಾಗ ಎಡ ವಿಂಗ್, ಅಂದರೆ ಎಡಗಡೆ ಮೈದಾನದ ಗೆರೆಯ ಪಕ್ಕ.

ಆ ಅಹಂಕಾರ ಮೊದಲ ವಾರವೇ ಇಳಿಯಿತು. ಇಳಿಸಿದವಳು ನಮ್ಮದೇ ತಂಡದ ಡಿಫೆಂಡರ್, ಬಂಕಾಪುರದ ಹುಡುಗಿ. ಅವಳ ಅಪ್ಪನದು ಹಾಸಿಗೆ ಹೊಲಿಯುವ ಅಂಗಡಿ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ನಮ್ಮ ದೈಹಿಕ ಶಿಕ್ಷಣದ ಮೇಡಂ ದಿನಾ ಕೊನೆಯ ಅರ್ಧ ತಾಸು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸುತ್ತಿದ್ದರು. ಒಬ್ಬಳ ಕಾಲಲ್ಲಿ ಚೆಂಡು, ಇನ್ನೊಬ್ಬಳು ತಡೆಯಬೇಕು. ನನ್ನ ಎದುರಿಗೆ ಯಾವಾಗಲೂ ಅವಳೇ.

ನಾನು ಚೆಂಡಿನ ಮೇಲೆ ಕಾಲು ಸುತ್ತಿಸುತ್ತಿದ್ದೆ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಅವಳು ಎರಡು ಮಾರು ದೂರದಲ್ಲಿ ಮೊಣಕಾಲು ಬಗ್ಗಿಸಿ, ಒಂದು ಪಾದ ಮುಂದಿಟ್ಟು ನಿಂತು, ನಿಧಾನವಾಗಿ ಹಿಂದೆ ಹಿಂದೆ ಸರಿಯುತ್ತಿದ್ದಳು. ನನ್ನ ಸರ್ಕಸ್ ಮುಗಿದು ಚೆಂಡು ಕಾಲಿನಿಂದ ಒಂದು ಗೇಣು ಸರಿದ ಕ್ಷಣ ಕಾಲು ಚಾಚಿ ಅದನ್ನು ಕಸಿದುಕೊಂಡು ಹೋಗುತ್ತಿದ್ದಳು. ಒಂದೂವರೆ ತಿಂಗಳು ಹೀಗೇ ನಡೆಯಿತು. ಒಂದು ದಿನ ಸಿಟ್ಟು ತಡೆಯಲಾಗದೆ ಕೇಳಿಯೇ ಬಿಟ್ಟೆ.

"ನಾ ಯಾ ಕಡೆ ಹೊಕ್ಕೇನಿ ಅಂತ ನಿನಗ ಹೆಂಗ ಗೊತ್ತಾಗತೈತಿ?"

"ನಂಗೇನೂ ಗೊತ್ತಾಗೂದಿಲ್ಲ. ನೀ ಕುಣಿಯೂದನ್ನ ನಾ ನೋಡೂದ ಇಲ್ಲ. ಚೆಂಡು ನೋಡ್ತೇನಿ. ನಿನ್ನ ಕಾಲು ಕುಣೀತಾವ, ಮೈ ಸುಮ್ಮನ ನಿಂತಿರತೈತಿ. ಮತ್ತ ನೀ ಮೊದಲಿಂದ ಕಡೀತನಕ ಒಂದ ಸ್ಪೀಡ್‌ನ್ಯಾಗ ಬರ್ತಿ. ನನಗ ಹೆದರಿಕಿ ಯಾಕ ಆಗಬೇಕು?"

"ಹಂಗಾರ ನಿನಗ ಯಾವಾಗ ಹೆದರಿಕಿ ಆಗತೈತಿ?"

ಅವಳು ಚೆಂಡನ್ನು ನನ್ನ ಕಡೆ ತಳ್ಳಿದಳು. "ಎದುರಿನಾಕಿ ಸಾವಕಾಶ ಬಂದಾಗ."

ಆ ಉತ್ತರ ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು. ಎದುರಾಳಿ ನಿಧಾನವಾಗಿ ಬಂದರೆ ತಡೆಯುವವಳೂ ನಿಧಾನವಾಗಬೇಕು. ಹಾಗೆ ನಿಧಾನವಾಗಿ ನಿಂತ ದೇಹವನ್ನು ಮತ್ತೆ ಓಡಿಸಲು ಒಂದು ಕ್ಷಣ ಬೇಕು. ಚೆಂಡು ಕಾಲಲ್ಲಿರುವ ನಮ್ಮದು ಆ ಕ್ಷಣವೇ.

ಅಂದಿನಿಂದ ಅವಳೇ ನನಗೆ ಕಲಿಸತೊಡಗಿದಳು. ಚೆಂಡನ್ನು ಎಡಗಾಲಿನಿಂದ ಸಣ್ಣ ಸಣ್ಣದಾಗಿ ತಟ್ಟುತ್ತ ಬಾ ಅಂದಳು. ಎರಡು ಹೆಜ್ಜೆ ದೂರ ಇರುವಾಗ ಬಲಗಾಲನ್ನು ಅಗಲಕ್ಕೆ ಊರಿ, ಬಲ ಭುಜವನ್ನು ಕೆಳಗಿಳಿಸು, ಮೈಯ ಭಾರವೆಲ್ಲ ಆ ಕಡೆ ಬೀಳಲಿ. ತುಂಬಾ ಹತ್ತಿರ ಬಂದು ಮಾಡಿದರೆ ನಾನು ಕಾಲು ಚಾಚುತ್ತೇನೆ, ದೂರದಲ್ಲೇ ಮಾಡಿದರೆ ಸಾವರಿಸಿಕೊಳ್ಳುತ್ತೇನೆ ಅಂದಳು.

"ಆಮ್ಯಾಲೆ ನನ್ನ ಕಾಲು ನೋಡು. ನನ್ನ ಭಾರ ಒಂದ ಕಾಲಿನ ಮ್ಯಾಲೆ ಬಿತ್ತಂದ್ರ, ಆ ಕಾಲು ನಾ ಎತ್ತಾಕ ಆಗೂದಿಲ್ಲ. ಆವಾಗ ಹೋಗು. ಬೀಳಲಿಲ್ಲಂದ್ರ ಹೋಗಬ್ಯಾಡ."

ಅವಳ ಭಾರ ಸರಿದ ಕೂಡಲೇ ಎಡಪಾದದ ಹೊರ ಅಂಚಿನಿಂದ ಚೆಂಡನ್ನು ಗೆರೆಯ ಕಡೆ, ಅವಳ ಬೆನ್ನ ಹಿಂದಕ್ಕೆ ತಳ್ಳಬೇಕು. ಮೊದಲ ಮೂರು ಹೆಜ್ಜೆ ಚಿಕ್ಕವು, ಬಿರುಸಿನವು. ದಾಟಿದ ಮೇಲೆ ನೇರ ಓಡದೆ ಅವಳ ದಾರಿಗೆ ಅಡ್ಡ ಬಂದುಬಿಡಬೇಕು. ಆಗ ಅವಳು ನನ್ನ ಬೆನ್ನ ಹಿಂದೆಯೇ ಉಳಿಯುತ್ತಾಳೆ, ಪಕ್ಕಕ್ಕೆ ಬಂದು ಹೆಗಲಿನಿಂದ ತಳ್ಳಲಾಗುವುದಿಲ್ಲ. ಮೊದಲ ಸಲ ಅವಳನ್ನು ದಾಟಿದ ದಿನ ನಾನು ಮೈದಾನದ ತುದಿಯತನಕ ಓಡಿ ಕೂಗಾಡಿದೆ. ಅವಳು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು.

ಇಷ್ಟು ಕಲಿತದ್ದೇ ನನಗೆ ಮುಳುವಾಯಿತು. ಹಾನಗಲ್ಲಿನಲ್ಲಿ ಕಾಲೇಜುಗಳ ಪಂದ್ಯಾವಳಿ. ಸೆಮಿಫೈನಲ್ ಮುಗಿಯಲು ಹತ್ತು ನಿಮಿಷವಿದ್ದಾಗ ನಮ್ಮದೇ ಗೋಲಿನ ಸಮೀಪ, ಎಡಗಡೆ ನನಗೆ ಚೆಂಡು ಸಿಕ್ಕಿತು. ನಡುವೆ ನಮ್ಮವಳೊಬ್ಬಳು ಖಾಲಿ ನಿಂತು ಕೈ ಎತ್ತಿದ್ದಳು. ಕಂಡಿತು, ಕೊಡಲಿಲ್ಲ. ಒಬ್ಬಳನ್ನು ದಾಟಿದೆ, ಜನ ಸಿಳ್ಳೆ ಹೊಡೆದರು. ಆ ಸಿಳ್ಳೆಯ ರುಚಿಗೆ ಇನ್ನೊಬ್ಬಳನ್ನೂ ದಾಟಹೋದೆ. ಅವಳು ಚೆಂಡು ಕಿತ್ತುಕೊಂಡಳು. ಗೋಲಿನ ಮುಂದಿನ ಬಾಕ್ಸಿನಲ್ಲಿ ನಮ್ಮ ಬಂಕಾಪುರದವಳೊಬ್ಬಳೇ, ಎದುರಿಗೆ ಇಬ್ಬರು. ಅವಳು ಒಬ್ಬಳ ಕಡೆ ಜಿಗಿದಳು, ಚೆಂಡು ಇನ್ನೊಬ್ಬಳಿಗೆ ಹೋಯಿತು, ಗೋಲಾಯಿತು. ಅದೊಂದೇ ಗೋಲಿಗೆ ನಾವು ಸೋತೆವು.

ಬಸ್ಸಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಅವಳ ಪಕ್ಕದ ಸೀಟು ಖಾಲಿ ಇತ್ತು, ಹೋಗಿ ಕೂತೆ. ಅವಳ ಮೊಣಕೈ ತರಚಿ ರಕ್ತ ಒಣಗಿತ್ತು.

"ಸಿಟ್ಟಾಗಿಯೇನು?" ಎಂದೆ.

"ನೀ ದಾಟಿದ್ರ ಎಲ್ಲಾರೂ ಚಪ್ಪಾಳಿ ಹೊಡೀತಾರ," ಅಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ. "ನೀ ಕಳಕೊಂಡ್ರ ನಾ ಓಡಬೇಕು. ನನ್ನ ಕಡೆ ಒಮ್ಮೆರ ನೋಡಿದ್ದಿಯೇನು?"

ನೋಡಿರಲಿಲ್ಲ. ಇಷ್ಟು ದಿನ ನಾನು ಎದುರಿಗಿದ್ದವಳ ಕಾಲನ್ನಷ್ಟೇ ನೋಡಲು ಕಲಿತಿದ್ದೆ.

ಮರುವಾರ ಮೇಡಂ ನನ್ನನ್ನು ವಿಂಗಿನಿಂದ ತೆಗೆದು ಎರಡು ತಿಂಗಳು ಡಿಫೆಂಡರ್ ಜಾಗದಲ್ಲಿ ಆಡಿಸಿದರು. "ಶಿಕ್ಷಾ ಏನ್ರಿ ಮೇಡಂ?" ಎಂದು ಕೇಳಿದೆ. "ಅಲ್ಲಿಂದ ಮೈದಾನ ಹೆಂಗ ಕಾಣತೈತಿ ನೋಡು," ಅಂದರು. ನೋಡಿದೆ. ಮುಂದಿನವರು ಹಿಂದುಮುಂದು ನೋಡದೆ ಚೆಂಡು ಕಳೆದುಕೊಂಡಾಗ ಹಿಂದಿನವಳ ಎದೆ ಹೇಗೆ ಧಸಕ್ಕೆನ್ನುತ್ತದೆಂದು ಗೊತ್ತಾಯಿತು. ಅದೇ ಎದುರಾಳಿಯ ಗೋಲಿನ ಹತ್ತಿರ ಕಳೆದುಕೊಂಡರೆ ಅಷ್ಟು ಹೆದರಿಕೆಯಿಲ್ಲ, ನಡುವೆ ನಮ್ಮವರಿರುತ್ತಾರೆ. ಚೆಂಡು ಕಾಲಿಗೆ ಬರುವ ಮೊದಲೇ ತಲೆಯೆತ್ತಿ ನೋಡುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ.

ಮುಂದಿನ ವರ್ಷದ ಪಂದ್ಯಾವಳಿ ಸವಣೂರಿನಲ್ಲಿ. ನಾನು ಮತ್ತೆ ವಿಂಗಿಗೆ ಬಂದಿದ್ದೆ. ಮತ್ತೆ ಸೆಮಿಫೈನಲ್, ಎದುರಿಗೆ ಹಾನಗಲ್ಲಿನಲ್ಲಿ ನಮ್ಮನ್ನು ಸೋಲಿಸಿದ್ದ ಅದೇ ತಂಡ. ದ್ವಿತೀಯಾರ್ಧದಲ್ಲಿ ಅವರ ಗೋಲಿನ ಕಡೆ ನನಗೆ ಚೆಂಡು ಬಂತು. ಎದುರಿಗೆ ಒಬ್ಬಳೇ. ಅವಳ ಸಹಾಯಕ್ಕೆ ಬರಬೇಕಾದವಳು ಇನ್ನೂ ದೂರ. ಹಿಂದೆ ನಮ್ಮವರು ಮೂವರು ಜಾಗದಲ್ಲಿದ್ದಾರೆ. ನಡುವೆ ನಮ್ಮ ಫಾರ್ವರ್ಡ್ ಓಡುತ್ತಿದ್ದಾಳೆ.

ನಾನು ಬಹುತೇಕ ನಿಂತೇಬಿಟ್ಟೆ. ಎದುರಿನವಳೂ ನಿಂತಳು. ಬಲ ಭುಜ ಇಳಿಸಿದೆ, ಅವಳ ಭಾರ ಮೈದಾನದ ಒಳಬದಿಯ ಕಾಲಿನ ಮೇಲೆ ಬಿತ್ತು. ಗೆರೆಯ ಕಡೆ ತಳ್ಳಿ ಓಡಿದೆ, ಅವಳ ದಾರಿಗೆ ಅಡ್ಡ ಸರಿದೆ, ಗೋಲಿನ ಗೆರೆಯ ಹತ್ತಿರದಿಂದ ಚೆಂಡನ್ನು ಹಿಂದಕ್ಕೆ ಕೊಟ್ಟೆ. ಫಾರ್ವರ್ಡ್ ಬರೀ ಕಾಲು ಇಟ್ಟಳು. ಗೋಲು.

ನನಗೆ ಇಂದಿಗೂ ಹೆಚ್ಚು ನೆನಪಿರುವುದು ಮಾತ್ರ ಅದರ ನಂತರದ್ದು. ಕೊನೆಯ ನಿಮಿಷಗಳಲ್ಲಿ ನಮ್ಮ ಗೋಲಿನ ಹತ್ತಿರ ನನ್ನ ಮೇಲೆ ಇಬ್ಬರು ಬಂದರು. ಮೊದಲನೆಯವಳ ಭಾರ ಒಂದೇ ಕಾಲಿನ ಮೇಲಿತ್ತು, ದಾಟಬಹುದಿತ್ತು, ಅದು ನನಗೆ ಸ್ಪಷ್ಟವಾಗಿ ಕಂಡಿತು. ಕೊಡಲು ಯಾರೂ ಖಾಲಿ ಇರಲಿಲ್ಲ. ಚೆಂಡನ್ನು ಒದ್ದು ಗೆರೆಯಾಚೆ ಕಳಿಸಿದೆ. ಜನರು "ಏ" ಎಂದು ನಿರಾಶೆಯಿಂದ ಕೂಗಿದರು. ಹಿಂದಿನಿಂದ ಮಾತ್ರ ಒಂದು ದನಿ ಬಂತು: "ಶಾಬಾಸ್!" ಅಷ್ಟು ದಿನಗಳಲ್ಲಿ ಬಂಕಾಪುರದವಳ ಬಾಯಿಂದ ಕೇಳಿದ ಮೊದಲ ಹೊಗಳಿಕೆ ಅದು.

ಫೈನಲ್‌ನಲ್ಲಿ ಸೋತೆವು. ಬಲಿಷ್ಠ ತಂಡದ ಎದುರು ಸೋತದ್ದರಿಂದ ಅಂಥ ಬೇಸರವೇನೂ ಆಗಲಿಲ್ಲ.

ಈಗ ನಾನು ಹಿರೇಕೆರೂರಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಬಂಕಾಪುರದವಳು ಸವಣೂರಿಗೆ ಮದುವೆಯಾಗಿ ಹೋಗಿ, ಮೈದಾನದ ಎದುರಿಗೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ಅವಳನ್ನು ನನ್ನ ಶಾಲೆಗೆ ಕರೆಸುತ್ತೇನೆ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಚೆನ್ನಾಗಿ ಡ್ರಿಬಲ್ ಮಾಡುವ ಹುಡುಗಿಯರಿಗೆಲ್ಲ ಅಂದು ಒಂದೇ ಪರೀಕ್ಷೆ. ಅವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಮೊಣಕಾಲು ಬಗ್ಗಿಸಿ ನಿಂತು, "ಬರ್ರಿ, ನನ್ನ ದಾಟಿ ಹೋಗ್ರಿ ನೋಡೂಣು" ಅನ್ನುತ್ತಾಳೆ. ಈ ವರ್ಷ ಹನ್ನೊಂದು ಹುಡುಗಿಯರಲ್ಲಿ ದಾಟಿದವಳು ಒಬ್ಬಳೇ. ಅವಳು ತೀರಾ ಸಾವಕಾಶ ಬಂದಳು.